ತಡವಾದದ್ದು ರಿಟರ್ನ್ಸ್, ತೆರಿಗೆಯಲ್ಲ

ಪತ್ರಕರ್ತ ಪ್ರಣಯ್ ರಾಯ್ 1995ರ ಸೆಪ್ಟೆಂಬರಿನಲ್ಲಿ ತಮ್ಮ ಆದಾಯ ತೆರಿಗೆ ಕಟ್ಟಿದರು. ರಿಟರ್ನ್ಸ್ ಸಲ್ಲಿಸಲು ಅಕ್ಟೋಬರ್ 31ರವರೆಗೆ ಗಡುವಿತ್ತು. ಆದರೆ ಅವರು ರಿಟರ್ನ್ಸ್ ಸಲ್ಲಿಸಿದ್ದು ಮರುವರ್ಷದ ಸೆಪ್ಟೆಂಬರಿನಲ್ಲಿ. ಇಲಾಖೆ ಆ ಹನ್ನೊಂದು ತಿಂಗಳಿಗೂ ಬಡ್ಡಿ ಹಾಕಿತು. ಹಣ ಗಡುವಿಗೆ ಮೊದಲೇ ಬೊಕ್ಕಸ ಸೇರಿರುವಾಗ ಬಡ್ಡಿ ಯಾವುದಕ್ಕೆ ಎಂದು ಅವರು ಕೋರ್ಟಿಗೆ ಹೋದರು.

ದೆಹಲಿ ಹೈಕೋರ್ಟ್ ಅವರ ಮಾತನ್ನು ಒಪ್ಪಿತು, 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಬಡ್ಡಿ ಇರುವುದು ಸರ್ಕಾರಕ್ಕಾದ ನಷ್ಟ ತುಂಬಿಕೊಡಲು. ಸರ್ಕಾರಕ್ಕೆ ಸೇರಬೇಕಾದ ಹಣ ಇನ್ನೊಬ್ಬರ ಕೈಯಲ್ಲಿ ಉಳಿದಷ್ಟು ಕಾಲಕ್ಕೆ ಅದು ಪರಿಹಾರ. ಹಣ ಉಳಿದೇ ಇಲ್ಲವೆಂದ ಮೇಲೆ ಪರಿಹಾರದ ಮಾತೇ ಬರುವುದಿಲ್ಲ. ಆಗಲೂ ವಸೂಲಿ ಮಾಡಿದರೆ ಅದು ಬಡ್ಡಿಯ ಹೆಸರಿನ ದಂಡವಾಗುತ್ತದೆ. 2015ರಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯೂ ಇದನ್ನು ಒಪ್ಪಿ ಸುತ್ತೋಲೆ ಹೊರಡಿಸಿತು.

ಇದು ಸಾಮಾನ್ಯರ ಲೆಕ್ಕದಲ್ಲಿ ಹೇಗೆ ಬರುತ್ತದೆ ನೋಡಿ. ಅಂಗಡಿ ಮಳಿಗೆಗಳ ಬಾಡಿಗೆ ಪಡೆಯುವ ಒಬ್ಬರು 60,000 ರೂಪಾಯಿ ತೆರಿಗೆ ಕಟ್ಟಬೇಕಿದೆ ಎಂದುಕೊಳ್ಳೋಣ. ಜುಲೈ 31 ಗಡುವು. ಅವರು ತೆರಿಗೆ ಕಟ್ಟಿ ರಿಟರ್ನ್ಸ್ ಸಲ್ಲಿಸಿದ್ದು ನವೆಂಬರ್ 10ಕ್ಕೆ. 1961ರ ಕಾಯ್ದೆಯ 234ಎ ಸೆಕ್ಷನ್ ಪ್ರಕಾರ ತಿಂಗಳಿಗೆ ಶೇ 1ರಂತೆ ಬಡ್ಡಿ, ತಿಂಗಳ ತುಣುಕೂ ಇಡೀ ತಿಂಗಳೇ. ಹಾಗಾಗಿ ನವೆಂಬರಿನ ಹತ್ತು ದಿನವೂ ಒಂದು ತಿಂಗಳಾಗಿ, ಒಟ್ಟು ನಾಲ್ಕು ತಿಂಗಳಿಗೆ 2,400 ರೂಪಾಯಿ ಬಡ್ಡಿ. ಇದೇ ವ್ಯಕ್ತಿ ಜುಲೈ 25ಕ್ಕೇ 60,000 ಕಟ್ಟಿ, ರಿಟರ್ನ್ಸ್ ಮಾತ್ರ ನವೆಂಬರಿನಲ್ಲಿ ಸಲ್ಲಿಸಿದ್ದರೆ ಈ 2,400 ಬರುತ್ತಿರಲಿಲ್ಲ. ವರ್ಷದೊಳಗೆ ಮುಂಗಡ ತೆರಿಗೆ ಕಟ್ಟದ್ದಕ್ಕೆ ಬೇರೆ ಬಡ್ಡಿ ಇದೆ, ರಿಟರ್ನ್ಸ್ ತಡವಾದದ್ದಕ್ಕೆ ಸಾಮಾನ್ಯವಾಗಿ 5,000 ರೂಪಾಯಿಯ ವಿಳಂಬ ಶುಲ್ಕವೂ ಇದೆ, ಅವೆರಡೂ ತಪ್ಪುವುದಿಲ್ಲ. ಕಾಗದಪತ್ರ ಹೊಂದಿಸಲು ತಡವಾಗುತ್ತದೆ ಅನ್ನಿಸಿದರೂ ಅಂದಾಜು ತೆರಿಗೆಯನ್ನು ಗಡುವಿನೊಳಗೆ ಕಟ್ಟಿಬಿಡಿ ಎಂದು ಆಡಿಟರುಗಳು ಹೇಳುವುದು ಇದಕ್ಕೇ.

ಈ ಲೆಕ್ಕದಲ್ಲಿ ಯಾರೂ ನಿಮ್ಮ ಉದ್ದೇಶ ಕೇಳುವುದಿಲ್ಲ ಎನ್ನುವುದನ್ನು ಗಮನಿಸಿ. ಆಸ್ಪತ್ರೆಯಲ್ಲಿದ್ದಿರೋ, ಮರೆತಿರೋ, ಬೇಕೆಂದೇ ಮುಂದೂಡಿದಿರೋ, ಮೊತ್ತ ಒಂದೇ. ಈ ಬಡ್ಡಿ ಕಡ್ಡಾಯ, ಮಂಡಳಿ ನಿಗದಿಪಡಿಸಿದ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಮನ್ನಾ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲೇ ಘಾಸ್‌ವಾಲಾ ಪ್ರಕರಣದಲ್ಲಿ ಹೇಳಿದೆ. ಕಠಿಣವೆನಿಸಿದರೂ ಇದು ಸರಿಯೆಂದೇ ನನ್ನ ಭಾವನೆ. ಕಾಯಿಲೆ ಬಿದ್ದವರ ಬಳಿ ಉಳಿದ ಹಣವೂ ಉಳಿದ ಹಣವೇ.

ದಂಡಕ್ಕೆ ಈ ಮಾತು ಒಪ್ಪುವುದಿಲ್ಲ, ಅದು ನಡತೆಯನ್ನು ತೂಗುತ್ತದೆ. ಅದೇ ವ್ಯಕ್ತಿ ಒಂದು ಮಳಿಗೆಯ ಬಾಡಿಗೆಯನ್ನು ರಿಟರ್ನ್ಸ್‌ನಲ್ಲಿ ತೋರಿಸದೆ, 40,000 ರೂಪಾಯಿ ತೆರಿಗೆ ಕಡಿಮೆಯಾಯಿತು ಎನ್ನಿ. 270ಎ ಸೆಕ್ಷನ್‌ನಲ್ಲಿ ಕಡಿಮೆ ತೋರಿಸಿದ್ದಕ್ಕೆ ದಂಡ ಆ ತೆರಿಗೆಯ ಅರ್ಧ, ಅಂದರೆ 20,000. ಸುಳ್ಳು ದಾಖಲೆಯಿಂದ ಮರೆಮಾಚಿದ್ದರೆ ಎರಡರಷ್ಟು, 80,000. ಸರ್ಕಾರಕ್ಕೆ ಆದ ನಷ್ಟ ಎರಡರಲ್ಲೂ ಒಂದೇ. ಬೇರೆಯಾದದ್ದು ತಪ್ಪಿನ ಸ್ವರೂಪ. ಎಲ್ಲ ಸಂಗತಿ ಮುಂದಿಟ್ಟು ಪ್ರಾಮಾಣಿಕ ವಿವರಣೆ ಕೊಟ್ಟು, ಅದು ಅಧಿಕಾರಿಗೆ ಒಪ್ಪಿಗೆಯಾದರೆ ದಂಡದಿಂದ ಪಾರಾಗಬಹುದು.

ಶಿಕ್ಷೆ ಎಂದಮೇಲೆ ಆರೋಪ ಸ್ಪಷ್ಟವಿರಬೇಕು, ಉತ್ತರಿಸಲು ಅವಕಾಶವಿರಬೇಕು. ಇದನ್ನು ಗಟ್ಟಿಯಾಗಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್, ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ. ಆಗಿನ ನಿಯಮದಲ್ಲಿ ಆದಾಯ ಮುಚ್ಚಿಟ್ಟದ್ದು ಒಂದು ಆರೋಪ, ತಪ್ಪು ವಿವರ ಕೊಟ್ಟದ್ದು ಇನ್ನೊಂದು. ಎರಡೂ ಅಚ್ಚಾಗಿರುವ ನಮೂನೆಯಲ್ಲಿ ಯಾವುದೆಂದು ಗುರುತಿಸದೆ ನೋಟಿಸ್ ಕಳಿಸಿದರೆ ಅದು ಸಾಲದು ಎಂದಿತು ಕೋರ್ಟ್. ಬಡ್ಡಿಗೆ ಇಂಥ ಆರೋಪಪಟ್ಟಿಯ ಅಗತ್ಯವಿಲ್ಲ. ಆದ್ದರಿಂದ ಇಲಾಖೆಯಿಂದ ಬಂದ ಕಾಗದ ಬಡ್ಡಿಯದಾದರೆ ತಿಂಗಳುಗಳನ್ನೂ ಹಣ ಕಟ್ಟಿದ ದಿನಾಂಕವನ್ನೂ ತಾಳೆ ನೋಡಬೇಕು. ದಂಡದ್ದಾದರೆ ಆರೋಪವೇನೆಂದು ಮೊದಲು ಓದಬೇಕು.

ಕಾಯ್ದೆಯ 270ಎಎ ಸೆಕ್ಷನ್ ಇವೆರಡರ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಮರೆಮಾಚಿದ ಆರೋಪವಿಲ್ಲದಿದ್ದರೆ, ತೆರಿಗೆಯನ್ನೂ ಬಡ್ಡಿಯನ್ನೂ ಗಡುವಿನೊಳಗೆ ಕಟ್ಟಿ, ಮೇಲ್ಮನವಿ ಸಲ್ಲಿಸದೆ ಅರ್ಜಿ ಹಾಕಿದವರಿಗೆ ದಂಡದಿಂದ ವಿನಾಯಿತಿ ಸಿಗುತ್ತದೆ. ತಪ್ಪನ್ನು ಕ್ಷಮಿಸಲು ಕಾನೂನು ಸಿದ್ಧ, ಬಡ್ಡಿ ಬಿಡಲು ಸಿದ್ಧವಿಲ್ಲ.

ಪರಿಹಾರವೆಂಬ ವಾದಕ್ಕೆ ಇನ್ನೊಂದು ಆಧಾರವೂ ಇದೆ: ರೀಫಂಡ್ ತಡವಾದರೆ ಸರ್ಕಾರವೂ ನಮಗೆ ಬಡ್ಡಿ ಕೊಡುತ್ತದೆ. ಆದರೆ ಅದು ತಿಂಗಳಿಗೆ ಶೇ 0.5 ಮಾತ್ರ, ನಾವು ಕೊಡುವುದರ ಅರ್ಧ. ಹಣದ ಕಾಲಬೆಲೆ ಇಬ್ಬರಿಗೂ ಒಂದೇ ಆಗಿರಬೇಕಲ್ಲವೇ? ನಮ್ಮಿಂದ ಪಡೆಯುವ ಆ ಹೆಚ್ಚುವರಿ ಶೇ 0.5ರಲ್ಲಿ ಪರಿಹಾರಕ್ಕಿಂತ ದಂಡದ ಅಂಶವೇ ನನಗೆ ಕಾಣುತ್ತದೆ.