ಪುಲ್ಲಿಯ ಕೀ ಮೊದಲು ಸೋಲುವುದು ಎಲ್ಲಿ?

ಹಿಟ್ಟಿನ ಗಿರಣಿ ಶುರುವಾಗುವಾಗ ಪುಲ್ಲಿಯ ಬಳಿ 'ಟಕ್' ಎಂದು ಸದ್ದಾಗಿ, ಕೀ ಪಕ್ಕದಲ್ಲಿ ಕೆಂಪು ಪುಡಿ ಉದುರಿದ್ದರೆ ಕೀ ಸಡಿಲಾಗಿದೆ ಎಂದೇ ಅನುಮಾನಿಸಬೇಕು. ಶಾಫ್ಟಿನಲ್ಲಿ ಅರ್ಧ, ಪುಲ್ಲಿಯಲ್ಲಿ ಅರ್ಧ ಹುದುಗಿ ಎರಡನ್ನೂ ಒಟ್ಟಿಗೆ ತಿರುಗಿಸುವ ಉಕ್ಕಿನ ತುಂಡು ಅದು.

ಮೋಟಾರು 7.5 ಕಿಲೋವ್ಯಾಟ್, ಶಾಫ್ಟ್ 40 ಮಿ.ಮೀ. ದಪ್ಪ, ವೇಗ ನಿಮಿಷಕ್ಕೆ 480 ಸುತ್ತು ಎಂದುಕೊಳ್ಳಿ. ತಿರುಚುಬಲ ಸುಮಾರು 149 ನ್ಯೂಟನ್-ಮೀಟರ್. ಅದನ್ನು 20 ಮಿ.ಮೀ. ತ್ರಿಜ್ಯದಿಂದ ಭಾಗಿಸಿದರೆ ಕೀ ಮೇಲೆ ಬೀಳುವ ಬಲ 7,460 ನ್ಯೂಟನ್. ಮುಕ್ಕಾಲು ಟನ್ ಭಾರ!

ಕೀ 12 ಮಿ.ಮೀ. ಅಗಲ, 8 ಮಿ.ಮೀ. ಎತ್ತರ, 40 ಮಿ.ಮೀ. ಉದ್ದ. ಅದು ಅಡ್ಡಕ್ಕೆ ಕತ್ತರಿಸಿಹೋಗಬೇಕಾದರೆ 12 × 40 = 480 ಚದರ ಮಿ.ಮೀ. ಸೀಳಬೇಕು. ಒತ್ತಡ ಚದರ ಮಿ.ಮೀ.ಗೆ 15.5 ನ್ಯೂಟನ್. ಸಾಮಾನ್ಯ ಉಕ್ಕಿಗೆ 42ರವರೆಗೆ ಬಿಡುತ್ತಾರೆ, ಚಿಂತೆಯಿಲ್ಲ.

ಪಕ್ಕದ ಮುಖ ಜಜ್ಜಿಹೋಗುವ ಲೆಕ್ಕ ಬೇರೆ. ಪುಲ್ಲಿಗೆ ತಾಗುವುದು ಅರ್ಧ ಎತ್ತರ ಮಾತ್ರ: 4 × 40 = 160 ಚದರ ಮಿ.ಮೀ. ಒತ್ತಡ 46.6, ಮಿತಿ 70 ಎಂದಿಟ್ಟರೆ ಇದೂ ಪಾಸು. ಆದರೆ ಕಾಳು ತುಂಬಿದ ಗಿರಣಿ ಚಾಲೂ ಆಗುವಾಗ ಬಲ ಇಮ್ಮಡಿಯಾದರೆ 93! ಸೀಳುವ ಒತ್ತಡ ಆಗಲೂ 31 ಅಷ್ಟೇ. ತುಂಡಾಗುವ ಬಹಳ ಮೊದಲೇ ಕೀ ಜಜ್ಜಿ, ಗಾಡಿಯ ಅಂಚು ಮಡಚಿಕೊಳ್ಳುತ್ತದೆ.

ದಪ್ಪ ಕೀ ಹಾಕಲು ಶಾಫ್ಟನ್ನು ಇನ್ನಷ್ಟು ಕೊರೆಯಬೇಡಿ, ಶಾಫ್ಟೇ ಸೊರಗುತ್ತದೆ. ಪುಲ್ಲಿಯ ಹಬ್ ಉದ್ದವಿದ್ದರೆ ಕೀಯನ್ನು 60 ಮಿ.ಮೀ. ಮಾಡಿ, ಚಾಲೂ ಹೊತ್ತಿನ ಒತ್ತಡ 62ಕ್ಕೆ ಇಳಿಯುತ್ತದೆ.