ಶೇಕರ್‌ಗೆ ನೀರೋ ಹಾಲೋ?

ಜಿಮ್‌ಗೆ ಹೋಗುವವರು ‘ಮ್ಯಾಕ್ರೋಸ್’ ಅನ್ನುವುದು ಪ್ರೋಟೀನ್, ಕಾರ್ಬ್ಸ್, ಕೊಬ್ಬು ಈ ಮೂರರ ಗ್ರಾಂ ಲೆಕ್ಕಕ್ಕೆ. ವೇ ಪೌಡರನ್ನು ನೀರಿನಲ್ಲಿ ಕಲಸಿದರೆ ಈ ಲೆಕ್ಕ ಸುಲಭ. ನೀರಿನಲ್ಲಿ ಈ ಮೂರೂ ಇಲ್ಲ, ಹಾಗಾಗಿ ಡಬ್ಬಿಯ ಮೇಲೆ ಬರೆದದ್ದೇ ಲೋಟದಲ್ಲೂ ಇರುತ್ತದೆ. ಸಾಮಾನ್ಯ ಕಾನ್ಸಂಟ್ರೇಟ್ ಪೌಡರ್ ಒಂದನ್ನು ತೆಗೆದುಕೊಳ್ಳಿ: ಸುಮಾರು 32 ಗ್ರಾಂ ಪುಡಿಯಲ್ಲಿ 24 ಗ್ರಾಂ ಪ್ರೋಟೀನ್, 3 ಗ್ರಾಂ ಕಾರ್ಬ್ಸ್, 2 ಗ್ರಾಂ ಕೊಬ್ಬು. ಒಟ್ಟು 125 ಕ್ಯಾಲರಿಯ ಆಸುಪಾಸು.

ಅದೇ ಪುಡಿಗೆ ಅರ್ಧ ಲೀಟರ್ ಟೋನ್ಡ್ ಹಾಲಿನ ಪ್ಯಾಕೆಟ್ಟಿನಲ್ಲಿ ಅರ್ಧ, ಅಂದರೆ 250 ಮಿಲಿಲೀಟರ್ ಸುರಿದರೆ? ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು ಇರಬೇಕೆಂಬುದು ನಿಯಮ. ಅಷ್ಟು ಹಾಲು ಸರಿಸುಮಾರು 8 ಗ್ರಾಂ ಪ್ರೋಟೀನ್, 12 ಗ್ರಾಂ ಕಾರ್ಬ್ಸ್, ಏಳೂವರೆ ಗ್ರಾಂ ಕೊಬ್ಬನ್ನು ತರುತ್ತದೆ. ಈಗ ಲೋಟದಲ್ಲಿರುವುದು 32 ಗ್ರಾಂ ಪ್ರೋಟೀನ್, 15 ಗ್ರಾಂ ಕಾರ್ಬ್ಸ್, ಒಂಬತ್ತೂವರೆ ಗ್ರಾಂ ಕೊಬ್ಬು; ಕ್ಯಾಲರಿ 275ರ ಹತ್ತಿರ. ಪ್ರೋಟೀನ್ ಮೂರನೇ ಒಂದು ಭಾಗದಷ್ಟು ಏರಿದರೆ ಕ್ಯಾಲರಿ ಎರಡು ಪಟ್ಟು ದಾಟಿತು. ಶೇ. 6 ಕೊಬ್ಬಿನ ಫುಲ್ ಕ್ರೀಮ್ ಹಾಲು ಹಾಕಿದರಂತೂ 345ರ ಸುತ್ತ ಹೋಗುತ್ತದೆ, ಪ್ರೋಟೀನ್ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ‘ಹಾಲಲ್ಲಿ ಕುಡಿದರೆ ಪ್ರೋಟೀನ್ ಜಾಸ್ತಿ’ ಅನ್ನುವ ಜಿಮ್ ಮಾತು ಸುಳ್ಳಲ್ಲ, ಅರ್ಧ ಮಾತು.

ತೂಕ ಏರದೆ ಒದ್ದಾಡುವ ಸಣಕಲು ಹುಡುಗನಿಗೆ ಈ ಹೆಚ್ಚುವರಿ 150 ಕ್ಯಾಲರಿ ವರವೇ. ಹೊಟ್ಟೆ ಕರಗಿಸಲು ಹೊರಟವರು ದಿನಕ್ಕೆರಡು ಸಲ ಹೀಗೆ ಕುಡಿದು, ಊಟದಲ್ಲಿ ಏನನ್ನೂ ಕಡಿಮೆ ಮಾಡದಿದ್ದರೆ, 300 ಕ್ಯಾಲರಿ ಲೆಕ್ಕಕ್ಕೇ ಸಿಗದೆ ಒಳಗೆ ಹೋಗಿರುತ್ತದೆ. ಅಂಥವರಿಗೆ ನೀರೇ ಸರಿ. ನೀರಿನ ಶೇಕ್ ಸಪ್ಪೆ ಅನ್ನಿಸಿದರೆ ಕೆನೆ ತೆಗೆದ ಸ್ಕಿಮ್ಡ್ ಹಾಲು ನಡುದಾರಿ: ಪ್ರೋಟೀನ್ ಅಷ್ಟೇ ಸಿಗುತ್ತದೆ, ಕೊಬ್ಬು ಹೆಚ್ಚುಕಡಿಮೆ ಇಲ್ಲ.

ಮನೆಯಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಅಳತೆಯಲ್ಲಿ. ದೊಡ್ಡ ಶೇಕರ್ ತುಂಬುವಷ್ಟು ಹಾಲು ಸುರಿದರೆ 250 ಹೋಗಿ 400 ಮಿಲಿಲೀಟರ್ ಆಗಿಬಿಡುತ್ತದೆ. ಕಾಯಿಸಿ ಕೆನೆ ತೆಗೆದಿಟ್ಟ ಹಾಲಿನಲ್ಲಿ ಕೊಬ್ಬು ಪ್ಯಾಕೆಟ್ಟಿನಲ್ಲಿ ಬರೆದದ್ದಕ್ಕಿಂತ ಕಡಿಮೆ. ನೀರು ಬೆರೆಸಿ ಕಾಯಿಸುವ ಮನೆಯಲ್ಲಿ ಪ್ರೋಟೀನೂ ಕಡಿಮೆ. ಪುಡಿಯನ್ನು ಸ್ಕೂಪಿನಲ್ಲಿ ಗೋಪುರದಂತೆ ತುಂಬುವವರು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಲಿ.

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸಿನ್. ಅದು ಹೊಟ್ಟೆಯ ಆಮ್ಲದಲ್ಲಿ ಗಟ್ಟಿಯಾಗಿ ನಿಧಾನ ಜೀರ್ಣವಾಗುತ್ತದೆ, ಹಾಗಾಗಿ ಹಾಲಿನ ಶೇಕ್ ಕುಡಿದಾಗ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಮೇಲೆ ಹೇಳಿದ 12 ಗ್ರಾಂ ಕಾರ್ಬ್ಸ್ ಪೂರಾ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಅದು ಒಗ್ಗದವರಿಗೆ ಹೊಟ್ಟೆ ಉಬ್ಬರ, ಗ್ಯಾಸ್ ಶುರುವಾಗುತ್ತದೆ, ಬೈಗುಳ ಪೌಡರಿಗೆ ಬೀಳುತ್ತದೆ. ಲ್ಯಾಕ್ಟೋಸ್ ಬೇಡವೆಂದೇ ದುಬಾರಿ ಐಸೊಲೇಟ್ ಪೌಡರ್ ಕೊಂಡವರು ಅದನ್ನು ಹಾಲಿನಲ್ಲಿ ಕಲಸುವುದಂತೂ ದಂಡದ ಖರ್ಚು.