ಬಿಲ್ ಅಸಲಿ, ಖಾತೆ ನಕಲಿ

ಪೀಣ್ಯದ ಸಣ್ಣ ಕಾರ್ಖಾನೆಯೊಂದು ಕೊಯಮತ್ತೂರಿನ ಕಂಪನಿಯಿಂದ ಉಕ್ಕಿನ ಸರಳು ತರಿಸುತ್ತದೆ ಎಂದಿಟ್ಟುಕೊಳ್ಳೋಣ. ಮಾಲು ಇಳಿದಿದೆ, 6,84,000 ರೂಪಾಯಿಯ ಬಿಲ್ಲೂ ಇಮೇಲಿನಲ್ಲಿ ಬಂದಿದೆ. ಎರಡು ದಿನ ಬಿಟ್ಟು ಇನ್ನೊಂದು ಮೇಲ್: ‘ನಮ್ಮ ಹಳೆಯ ಖಾತೆಯಲ್ಲಿ ಆಡಿಟ್ ನಡೆದಿದೆ. ತಿದ್ದಿದ ಬಿಲ್ ಕಳಿಸಿದ್ದೇವೆ, ದಯವಿಟ್ಟು ಹೊಸ ಖಾತೆಗೆ ಹಣ ಹಾಕಿ.’

ಅಕೌಂಟ್ಸ್‌ನವರು ತಾಳೆ ನೋಡುತ್ತಾರೆ. ಪರ್ಚೇಸ್ ಆರ್ಡರ್ ನಂಬರು ಸರಿ, ತೂಕ, ದರ, ಜಿಎಸ್‌ಟಿ ನಂಬರು ಎಲ್ಲವೂ ಸರಿ. ಇ-ಇನ್‌ವಾಯ್ಸಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಅದೂ ಅಸಲಿ. ಹಣ ಹೋಗುತ್ತದೆ. ತಿಂಗಳಾದ ಮೇಲೆ ಕೊಯಮತ್ತೂರಿನಿಂದ ಫೋನ್: ‘ಸಾರ್, ನಮ್ಮ ಪೇಮೆಂಟ್ ಇನ್ನೂ ಬಂದಿಲ್ಲವಲ್ಲ?’

ಇಲ್ಲಿ ಬಿಲ್ಲನ್ನು ಯಾರೂ ಸೃಷ್ಟಿಸಿಲ್ಲ. ಮಾರಾಟಗಾರರ ಮೇಲ್‌ಬಾಕ್ಸಿಗೆ ನುಗ್ಗಿದ ಕಳ್ಳ ನಿಜವಾದ ಬಿಲ್ಲನ್ನೇ ತೆಗೆದು, ಕೆಳಗಿನ ಬ್ಯಾಂಕ್ ವಿವರದ ಎರಡು ಸಾಲು ಮಾತ್ರ ಬದಲಿಸಿದ್ದಾನೆ. ಆ ಕ್ಯೂಆರ್ ಕೋಡಿನಲ್ಲಿ ಇಬ್ಬರ ಜಿಎಸ್‌ಟಿ ನಂಬರು, ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಇಂಥವು ಇರುತ್ತವೆ. ಬ್ಯಾಂಕ್ ಖಾತೆ ಇರುವುದಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಬಿಲ್ ಕಾಣಿಸಿದರೂ ಅಷ್ಟೇ, ಮಾರಾಟ ನಡೆದಿದೆ ಎಂದು ಅದು ಹೇಳುತ್ತದೆಯೇ ಹೊರತು ಹಣ ಯಾವ ಖಾತೆಗೆ ಸೇರಬೇಕೆಂದು ಅಲ್ಲ. ನನಗೆ ಕಾಣುವ ಮಟ್ಟಿಗೆ, ಜಾಗರೂಕರಾದವರೂ ಮೋಸಹೋಗುವುದು ಈ ಜಾಗದಲ್ಲೇ.

ಹಾಗಾಗಿ ಬಿಲ್ ಪರಿಶೀಲನೆಯೇ ಬೇರೆ, ಖಾತೆ ಪರಿಶೀಲನೆಯೇ ಬೇರೆ. ಕೆಲವೊಮ್ಮೆ ಇಮೇಲ್ ವಿಳಾಸವೇ ಸುಳಿವು ಕೊಡುತ್ತದೆ: m ಇರಬೇಕಾದಲ್ಲಿ rn ಇರುತ್ತದೆ. ಅಸಲಿ ಮೇಲ್‌ಬಾಕ್ಸೇ ಕಳ್ಳನ ಕೈಯಲ್ಲಿದ್ದರೆ ಆ ಸುಳಿವೂ ಸಿಗದು. ಆಗ ಉಳಿಯುವ ದಾರಿ ಫೋನ್. ಹೊಸ ಮೇಲಿನಲ್ಲೋ ಲೆಟರ್‌ಹೆಡ್ಡಿನಲ್ಲೋ ಇರುವ ನಂಬರಿಗಲ್ಲ, ನಮ್ಮ ಹಳೆಯ ದಾಖಲೆಯಲ್ಲಿರುವ ನಂಬರಿಗೆ ಕರೆ ಮಾಡಿ, ಪರಿಚಯದ ದನಿಯಿಂದಲೇ ಹೊಸ ಖಾತೆ ಸಂಖ್ಯೆಯನ್ನು ಹೇಳಿಸಬೇಕು. ಒಂದು ರೂಪಾಯಿ ಕಳಿಸಿ ನೋಡುವುದೂ ಒಳ್ಳೆಯದೇ, ಆದರೆ ‘ಬಂತಾ?’ ಎಂದು ಮೇಲಿನಲ್ಲಿ ಕೇಳಿದರೆ ‘ಬಂತು’ ಎಂದು ಉತ್ತರಿಸುವವನು ಕಳ್ಳನೇ. ಕ್ಯಾನ್ಸಲ್ಡ್ ಚೆಕ್ಕಿನ ಚಿತ್ರವನ್ನೂ ತಿದ್ದಬಹುದು.

ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ. ನಾವು ಬರೆದ ಹೆಸರು ಹೊಂದದಿದ್ದರೂ ಅದು ಹೋಗಿಬಿಡಬಹುದು. ಅದಕ್ಕಾಗಿಯೇ, ಕಳಿಸುವ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಕಂಪನಿಯ ಬದಲು ವ್ಯಕ್ತಿಯ ಹೆಸರು ಕಂಡರೆ ಪಾವತಿ ನಿಲ್ಲಿಸಿ. ಹೆಸರು ಹೊಂದಿತೆಂದು ಫೋನ್ ಬಿಡುವಂತಿಲ್ಲ. ಅದೇ ಹೆಸರಿನ ಇನ್ನೊಂದು ಸಂಸ್ಥೆಯ ಖಾತೆಯೂ ಇರಬಹುದು.

ಹಣ ಹೋಗಿಯೇಬಿಟ್ಟಿದ್ದರೆ ಮಾರಾಟಗಾರರೊಡನೆ ವಾದ ಆಮೇಲೆ. ಮೊದಲು ನಿಮ್ಮ ಬ್ಯಾಂಕಿಗೂ 1930ಕ್ಕೂ ಪಾವತಿಯ ಯುಟಿಆರ್ ಸಂಖ್ಯೆ ಹಿಡಿದು ಕರೆ ಮಾಡಿ. ಕಳ್ಳರು ಹಣವನ್ನು ಬೇಗಬೇಗ ಬೇರೆ ಖಾತೆಗಳಿಗೆ ಹಂಚುತ್ತಾರೆ. ತಡೆಹಿಡಿಯಲು ಸಾಧ್ಯವಾಗುವುದು ಅಲ್ಲಿ ಇನ್ನೂ ಉಳಿದಿರುವಷ್ಟನ್ನು ಮಾತ್ರ.